ಪುಸ್ತಕದಲ್ಲಿ ಆರು ಲಕ್ಷ ಲಾಭ, ಸಂಬಳಕ್ಕೆ ದುಡ್ಡಿಲ್ಲ

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್ ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಸಿಎನ್‌ಸಿ ಲೇತ್‌ಗಳು, ಹತ್ತು ಹನ್ನೆರಡು ಜನ ಕೆಲಸಗಾರರು. ಉಕ್ಕಿನ ಸರಳು ತಂದು, ಕತ್ತರಿಸಿ, ತಿರುಗಿಸಿ, ಪಂಪ್ ತಯಾರಿಸುವ ಕಂಪನಿಗಳಿಗೆ ಶಾಫ್ಟ್ ಮಾಡಿಕೊಡುವ ಕೆಲಸ. ಲಾಭ ದೊಡ್ಡದಲ್ಲ, ಆದರೆ ನಷ್ಟವೂ ಇಲ್ಲ. ಬರುವ ಲಾಭ ಮನೆ ಖರ್ಚಿಗೂ ಹಳೆಯ ಸಾಲದ ಕಂತಿಗೂ ಸರಿಹೋಗುತ್ತದೆ. ಕರೆಂಟ್ ಅಕೌಂಟ್‌ನಲ್ಲಿ 12 ಲಕ್ಷ ರೂಪಾಯಿ ಇದೆ. ಬ್ಯಾಂಕಿನಲ್ಲಿ 20 ಲಕ್ಷದ ಕ್ಯಾಶ್ ಕ್ರೆಡಿಟ್ ಮಿತಿ, ಅಂದರೆ ಬೇಕಾದಾಗ ಸಾಲ ತೆಗೆಯುವ ಅವಕಾಶ ಇದ್ದು, ಅದನ್ನಿನ್ನೂ ಮುಟ್ಟಿಲ್ಲ.

ಮಾರ್ಚ್ ತಿಂಗಳಲ್ಲಿ ದೊಡ್ಡ ಕಂಪನಿಯೊಂದರಿಂದ ಹೊಸ ಆರ್ಡರ್ ಬರುತ್ತದೆ. ಪ್ರತಿ ತಿಂಗಳೂ 10 ಲಕ್ಷ ರೂಪಾಯಿಯ ಮಾಲು ಬೇಕು, ಹಣ 90 ದಿನಕ್ಕೆ. ಮಾಲೀಕರು ರಾತ್ರಿ ಕೂತು ಲೆಕ್ಕ ಹಾಕುತ್ತಾರೆ. ತಿಂಗಳಿಗೆ 5 ಲಕ್ಷದ ಉಕ್ಕು. ರಾತ್ರಿ ಪಾಳಿಯ ಕೂಲಿ, ಕರೆಂಟು, ಟೂಲ್‌ಗಳು ಎಲ್ಲ ಸೇರಿ 3 ಲಕ್ಷ. ಉಳಿಯುವುದು 2 ಲಕ್ಷ, ಅಂದರೆ ನೂರಕ್ಕೆ ಇಪ್ಪತ್ತು. ಹೊಸ ಮಷಿನ್ ಬೇಡ, ಇರುವುದನ್ನೇ ರಾತ್ರಿಯೂ ಓಡಿಸಿದರೆ ಸಾಕು. ಇಂಥ ಆರ್ಡರನ್ನು ಯಾರು ಬಿಡುತ್ತಾರೆ?

ಮೂರೂವರೆ ತಿಂಗಳ ನಂತರ, ಜೂನ್ ಕೊನೆಯಲ್ಲಿ, ಅದೇ ಮಾಲೀಕರು ಸಂಬಳದ ದಿನ ಗೆಳೆಯರಿಗೆ ಫೋನ್ ಮಾಡುತ್ತಿರುತ್ತಾರೆ. ಮಾಲು ಹೋಗಿದೆ, ರಿಜೆಕ್ಷನ್ ಆಗಿಲ್ಲ, ದರ ಕಡಿಮೆಯಾಗಿಲ್ಲ, ಯಾರೂ ಮೋಸ ಮಾಡಿಲ್ಲ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದು ನೋಡಿದರೆ ಆ ಆರ್ಡರ್ ಒಂದರಿಂದಲೇ ಆರು ಲಕ್ಷ ಲಾಭ ಕಾಣುತ್ತದೆ. ಹೀಗಾಗುವುದು ಹೇಗೆ ಎಂದು ತಿಳಿಯಲು ಈ ಆರ್ಡರನ್ನೇ ತಿಂಗಳು ತಿಂಗಳಾಗಿ ಹಿಂಬಾಲಿಸೋಣ. ಅಂಕಿಗಳು ನಾನು ಉದಾಹರಣೆಗೆ ಇಟ್ಟುಕೊಂಡವು, ಆದರೆ ಸಣ್ಣ ಕೈಗಾರಿಕೆಯ ಲೆಕ್ಕಪುಸ್ತಕ ನೋಡಿದ ಯಾರಿಗೂ ಇವು ಅಪರಿಚಿತ ಅನ್ನಿಸಲಾರವು.

ಮೊದಲು ಲಾಭ ಎಂಬುದನ್ನು ಯಾವಾಗ ಬರೆಯುತ್ತಾರೆ ನೋಡಬೇಕು. ಮಾಲು ಗಾಡಿ ಹತ್ತಿ, ಬಿಲ್ ಹಾಕಿದ ದಿನವೇ ಪುಸ್ತಕದಲ್ಲಿ ಮಾರಾಟ ದಾಖಲಾಗುತ್ತದೆ. ಹಣ ಬಂತೇ ಇಲ್ಲವೇ ಎಂಬುದನ್ನು ಆ ಸಾಲು ಕೇಳುವುದಿಲ್ಲ. ಖರ್ಚಿನ ಕಡೆಯೂ ಹಾಗೆಯೇ. ಮಾರಾಟವಾದ ಶಾಫ್ಟ್‌ಗೆ ಎಷ್ಟು ಉಕ್ಕು ಹೋಯಿತೋ ಅಷ್ಟು ಮಾತ್ರ ಆ ತಿಂಗಳ ಖರ್ಚು. ಮುಂದಿನ ತಿಂಗಳಿಗೆಂದು ತಂದು ಶೆಡ್ಡಿನಲ್ಲಿ ಪೇರಿಸಿಟ್ಟ ಉಕ್ಕಿಗೆ ದುಡ್ಡು ಕೊಟ್ಟಾಗಿದ್ದರೂ ಅದು ಖರ್ಚಲ್ಲ, ಆಸ್ತಿ. ಇದರಲ್ಲಿ ಕಣ್ಕಟ್ಟೇನೂ ಇಲ್ಲ. ಏಪ್ರಿಲ್‌ನಲ್ಲಿ ಮಾಡಿದ ಕೆಲಸದಿಂದ ಗಳಿಸಿದ್ದೆಷ್ಟು ಎಂದು ತಿಳಿಯಬೇಕಾದರೆ ಏಪ್ರಿಲ್‌ನ ಮಾರಾಟದ ಎದುರಿಗೆ ಅದಕ್ಕೇ ತಗುಲಿದ ಖರ್ಚನ್ನು ಇಡಬೇಕು. ಹಣ ಬಂದಾಗ ಆದಾಯ, ಹೋದಾಗ ಖರ್ಚು ಎಂದು ಬರೆದರೆ ಉಕ್ಕು ತಂದ ತಿಂಗಳು ಭಾರಿ ನಷ್ಟವೂ ಚೆಕ್ ಬಂದ ತಿಂಗಳು ಭಾರಿ ಲಾಭವೂ ಕಂಡು, ದರ ಗಿಟ್ಟುತ್ತದೋ ಇಲ್ಲವೋ ಎಂದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಲಾಭ-ನಷ್ಟದ ಪಟ್ಟಿ ಹೇಳುವುದು ನಿಜವೇ. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ, ಸಂಬಳದ ದಿನ ನಾವು ಕೇಳುವ ಪ್ರಶ್ನೆ ಬೇರೆ.

ಈಗ ಹಣದ ಓಡಾಟ ನೋಡೋಣ. ಏಪ್ರಿಲ್ ಒಂದರಂದು ಮಷಿನ್ ಓಡಬೇಕಾದರೆ ಉಕ್ಕು ಮಾರ್ಚ್‌ನಲ್ಲೇ ಬಂದಿರಬೇಕು. ಸಣ್ಣ ಗಿರಾಕಿಗೆ ಉಕ್ಕಿನ ವ್ಯಾಪಾರಿ ಉದ್ದರಿ ಕೊಡುವುದು ಕಮ್ಮಿ, ಕೊಟ್ಟರೂ ದರದಲ್ಲಿ ಸೇರಿಸಿಯೇ ಕೊಡುತ್ತಾನೆ. ಹಾಗಾಗಿ 5 ಲಕ್ಷದ ಉಕ್ಕಿಗೆ ಶೇಕಡಾ 18ರ ಜಿಎಸ್‌ಟಿ ಸೇರಿ 5.9 ಲಕ್ಷ ಮಾರ್ಚ್‌ನಲ್ಲೇ ಕೈಬಿಡುತ್ತದೆ. ಏಪ್ರಿಲ್‌ನಲ್ಲಿ ಕೂಲಿ, ಕರೆಂಟು ಇತ್ಯಾದಿಗೆ 3 ಲಕ್ಷ, ಜೊತೆಗೆ ಮೇ ತಿಂಗಳ ಉಕ್ಕಿಗೆ ಮತ್ತೆ 5.9 ಲಕ್ಷ. ಮಾರ್ಚ್‌ನಲ್ಲಿ ಉಕ್ಕಿನ ಮೇಲೆ ಕಟ್ಟಿದ 90 ಸಾವಿರ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುವುದರಿಂದ ಹಳೆಯ ವ್ಯವಹಾರಕ್ಕೆ ಕಟ್ಟಬೇಕಿದ್ದ ಜಿಎಸ್‌ಟಿ ಅಷ್ಟು ಇಳಿಯುತ್ತದೆ. ಹೀಗೆ ಏಪ್ರಿಲ್‌ನಲ್ಲಿ ನಿವ್ವಳವಾಗಿ ಹೋಗುವುದು 8 ಲಕ್ಷ. ತಿಂಗಳ ಕೊನೆಗೆ 10 ಲಕ್ಷಕ್ಕೆ ಬಿಲ್, ತೆರಿಗೆ ಸೇರಿ 11.8 ಲಕ್ಷ. ಪುಸ್ತಕದಲ್ಲಿ 2 ಲಕ್ಷ ಲಾಭ. ಕೈಗೆ ಒಂದು ರೂಪಾಯಿಯೂ ಇಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಬಾಬತ್ತು ಸೇರಿಕೊಳ್ಳುತ್ತದೆ, ಮಾಲೀಕರ ರಾತ್ರಿ ಲೆಕ್ಕದಲ್ಲಿ ಇಲ್ಲದೇ ಇದ್ದದ್ದು. ಏಪ್ರಿಲ್ ಬಿಲ್‌ನಲ್ಲಿ ತೋರಿಸಿದ 1.8 ಲಕ್ಷ ಜಿಎಸ್‌ಟಿಯನ್ನು ಮೇ 20ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಏಪ್ರಿಲ್‌ನಲ್ಲಿ ಕೊಂಡ ಉಕ್ಕಿನ ಮೇಲಿನ 90 ಸಾವಿರ ಕಳೆದರೆ ಉಳಿದ 90 ಸಾವಿರ ಕೈಯಿಂದ. ಆ ತೆರಿಗೆಯನ್ನು ಗಿರಾಕಿ ನಮಗೆ ಕೊಡುವುದು ಜುಲೈ ಕೊನೆಗೆ. ಅಂದರೆ ಬಾರದ ಹಣಕ್ಕೆ ತೆರಿಗೆಯನ್ನು ನಾವೇ ಮುಂಗಡ ಕಟ್ಟಿದಂತಾಯಿತು. ಗಿರಾಕಿ ಹಣ ಕೊಟ್ಟಿಲ್ಲ ಎಂಬ ಸಮಜಾಯಿಷಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಡೆಯುವುದಿಲ್ಲ, ತಡವಾದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ ಬೀಳುತ್ತದೆ. ಇಲ್ಲಿಂದ ಮುಂದೆ ಪ್ರತಿ ತಿಂಗಳು ಹೊರಹೋಗುವುದು 9.8 ಲಕ್ಷ: ಉಕ್ಕಿಗೆ 5.9, ಕೂಲಿ ವಗೈರೆ 3, ಜಿಎಸ್‌ಟಿ 0.9.

ಎಲ್ಲವನ್ನೂ ಒಂದೆಡೆ ಇಟ್ಟರೆ ಹೀಗೆ ಕಾಣುತ್ತದೆ. ಅಂಕಿಗಳು ಲಕ್ಷ ರೂಪಾಯಿಗಳಲ್ಲಿ, ಹೊಸ ಆರ್ಡರಿಗೆ ಸಂಬಂಧಿಸಿದ್ದು ಮಾತ್ರ.

| ತಿಂಗಳು | ಹೋದದ್ದು | ಬಂದದ್ದು | ಇಲ್ಲಿಯವರೆಗೆ ಕೈಯಿಂದ ಹಾಕಿದ್ದು | ಇಲ್ಲಿಯವರೆಗಿನ ಪುಸ್ತಕದ ಲಾಭ |
|---|---|---|---|---|
| ಮಾರ್ಚ್ | 5.9 | 0 | 5.9 | 0 |
| ಏಪ್ರಿಲ್ | 8.0 | 0 | 13.9 | 2 |
| ಮೇ | 9.8 | 0 | 23.7 | 4 |
| ಜೂನ್ | 9.8 | 0 | 33.5 | 6 |
| ಜುಲೈ | 9.8 | 11.8 | 31.5 | 8 |

ಮಾಲೀಕರ ಬಳಿ ಇದ್ದದ್ದು ಸ್ವಂತದ 12, ಬ್ಯಾಂಕಿನ 20, ಒಟ್ಟು 32 ಲಕ್ಷ. ಜೂನ್ ಕೊನೆಗೆ ಬೇಕಾದದ್ದು 33.5 ಲಕ್ಷ. ಬ್ಯಾಂಕಿನ ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆಯೂ ಒಂದೂವರೆ ಲಕ್ಷ ಕಡಿಮೆ ಬಿತ್ತು, ಸಂಬಳ ನಿಂತಿತು. ಜುಲೈ ಸಾಲನ್ನು ಮಾತ್ರ ಸ್ವಲ್ಪ ಅನುಮಾನದಿಂದ ನೋಡಬೇಕು. ತಿಂಗಳ ಕೊನೆಯಲ್ಲಿ ಹಣ ಬಂದದ್ದರಿಂದ ಅಲ್ಲಿ 31.5 ಕಾಣುತ್ತಿದೆ. ಆ ಹಣ ಬರುವ ಹಿಂದಿನ ದಿನದವರೆಗೆ ಕೈಯಿಂದ ಹೋದದ್ದು 43.3 ಲಕ್ಷ. ಈ ಆರ್ಡರಿನ ನಿಜವಾದ ಆಳ ಅದು. ತಿಂಗಳ ಕೊನೆಯ ಅಂಕಿ ಮಾತ್ರ ನೋಡುವವರಿಗೆ ಈ 43.3 ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

"ಹಾಗಾದರೆ ಆ ಲಾಭ ಎಲ್ಲಿ ಹೋಯ್ತು ಸಾರ್?" ಎಂದು ಲೆಕ್ಕ ನೋಡುವವರನ್ನು ಕೇಳದ ಮಾಲೀಕರಿಲ್ಲ. ಎಲ್ಲೂ ಹೋಗಿಲ್ಲ, ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. ಜುಲೈ 31ರಂದು ಗಿರಾಕಿಯಿಂದ ಮೇ, ಜೂನ್, ಜುಲೈ ಮೂರು ತಿಂಗಳ ಬಿಲ್ ಬಾಕಿ, ತಲಾ 11.8ರಂತೆ 35.4 ಲಕ್ಷ. ಶೆಡ್ಡಿನಲ್ಲಿ ಆಗಸ್ಟ್‌ಗೆಂದು ತಂದ ಉಕ್ಕು 5 ಲಕ್ಷದ್ದು. ಒಟ್ಟು 40.4 ಲಕ್ಷ. ಅದರಲ್ಲಿ ಆಗಸ್ಟ್ 20ಕ್ಕೆ ಕಟ್ಟಬೇಕಾದ ಜಿಎಸ್‌ಟಿ 0.9 ಕಳೆಯಿರಿ, 39.5 ಲಕ್ಷ. ಈ 39.5 ಎಲ್ಲಿಂದ ಬಂತು? ಕೈಯಿಂದ ಹಾಕಿದ್ದು 31.5, ಲಾಭ 8. ಕೂಡಿದರೆ ಅಷ್ಟೇ. ಗಳಿಸಿದ ಎಂಟು ಲಕ್ಷವೂ ಗಿರಾಕಿಯ ಬಾಕಿಯಲ್ಲೂ ಶೆಡ್ಡಿನ ಉಕ್ಕಿನಲ್ಲೂ ಕೂತಿದೆ, ಅದರ ಜೊತೆಗೆ ನಮ್ಮ ಮೂವತ್ತೊಂದೂವರೆ ಲಕ್ಷವೂ ಅಲ್ಲೇ ಕೂತಿದೆ. ದೊಡ್ಡ ಕಂಪನಿಗೆ ಸಣ್ಣ ಮಷಿನ್ ಶಾಪ್ ಬಡ್ಡಿಯಿಲ್ಲದ ಸಾಲ ಕೊಟ್ಟಂತೆ. ಅದಕ್ಕಾಗಿ ತಾನು ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿದೆ.

ಆಗಸ್ಟ್‌ನಿಂದ ತಿಂಗಳಿಗೆ 11.8 ಬಂದು 9.8 ಹೋಗುತ್ತದೆ, 2 ಲಕ್ಷ ಉಳಿಯುತ್ತದೆ. ಆಗ ಮಾತ್ರ ಲಾಭ ಮತ್ತು ನಗದು ಒಂದೇ ವೇಗದಲ್ಲಿ ನಡೆಯತೊಡಗುತ್ತವೆ. ಹಾಕಿದ 31.5 ಲಕ್ಷ ತಿಂಗಳಿಗೆ ಎರಡರಂತೆ ವಾಪಸಾಗಲು ಇನ್ನೂ ಹದಿನಾರು ತಿಂಗಳು, ಅಂದರೆ ಮುಂದಿನ ವರ್ಷದ ನವೆಂಬರ್. ಅದೂ ಆರ್ಡರ್ ಬೆಳೆಯದೆ ಅಷ್ಟಕ್ಕೇ ನಿಂತರೆ. ಗಿರಾಕಿ ಖುಷಿಯಾಗಿ "ಇನ್ನೂ ಐದು ಲಕ್ಷದ್ದು ಜಾಸ್ತಿ ಕೊಡಿ" ಎಂದರೆ ಆ ಐದು ಲಕ್ಷಕ್ಕೆ ಇದೇ ಗುಂಡಿಯನ್ನು ಮೊದಲಿಂದ ತೋಡಬೇಕು. ವ್ಯಾಪಾರ ಕುಗ್ಗುವಾಗ ಹಣ ಸೋರುವುದು ಎಲ್ಲರಿಗೂ ಅರ್ಥವಾಗುತ್ತದೆ. ವ್ಯಾಪಾರ ಹಿಗ್ಗುವಾಗ ಅದಕ್ಕಿಂತ ಜೋರಾಗಿ ಸೋರಬಹುದು ಎಂಬುದು ಮಾತ್ರ ತಲೆಗೆ ಹತ್ತುವುದು ತಡ.

ಈ ಲೆಕ್ಕದಿಂದ ನನಗೆ ತುಂಬ ಉಪಯೋಗಕ್ಕೆ ಬರುವುದು ಒಂದೇ ಒಂದು ಅಂಕಿ. 10 ಲಕ್ಷದ ತಿಂಗಳ ಮಾರಾಟಕ್ಕೆ 43.3 ಲಕ್ಷ ಬೇಕಾಯಿತು. ಅಂದರೆ ಇದೇ ಷರತ್ತುಗಳಲ್ಲಿ ತಿಂಗಳಿಗೆ ಒಂದು ಲಕ್ಷದ ಹೊಸ ಆರ್ಡರ್ ಹಿಡಿಯಲು ಕೈಯಲ್ಲಿ ಸುಮಾರು 4 ಲಕ್ಷ 33 ಸಾವಿರ ಇರಬೇಕು. ಕೈಯಲ್ಲಿರುವ 32 ಲಕ್ಷವನ್ನು 4.33ರಿಂದ ಭಾಗಿಸಿದರೆ ಏಳು ಲಕ್ಷ ಚಿಲ್ಲರೆ. ಸ್ವಂತದ 12 ಲಕ್ಷದಲ್ಲೇ ನಡೆಸಬೇಕೆಂದರೆ ಮೂರು ಲಕ್ಷವೂ ದಾಟುವುದಿಲ್ಲ. ಮಷಿನ್‌ಗಳಿಗೆ ಹತ್ತು ಲಕ್ಷದ ಮಾಲು ಮಾಡುವ ಶಕ್ತಿ ಇದ್ದಿರಬಹುದು, ಹಣಕ್ಕೆ ಇದ್ದ ಶಕ್ತಿ ಏಳು ಲಕ್ಷದ್ದು. ಪ್ರತಿ ಘಟಕಕ್ಕೂ ಈ ಅಂಕಿ ಬೇರೆ ಬೇರೆ. ಉಕ್ಕಿನವನು ತಿಂಗಳು ಉದ್ದರಿ ಕೊಟ್ಟರೆ ಇಳಿಯುತ್ತದೆ, ಕಚ್ಚಾ ಮಾಲು ಎರಡು ತಿಂಗಳ ಮೊದಲೇ ತರಿಸಬೇಕಾದರೆ ಏರುತ್ತದೆ. ಆದರೆ ಆರ್ಡರಿಗೆ ಸಹಿ ಹಾಕುವ ಮುನ್ನ ಹಾಕಿಕೊಳ್ಳಬಹುದಾದ ಲೆಕ್ಕ ಇದು, ಅರ್ಧ ಗಂಟೆ ಸಾಕು.

ಇಲ್ಲಿಯವರೆಗೆ ಗಿರಾಕಿ ಹೇಳಿದ ದಿನಕ್ಕೇ ಹಣ ಕೊಟ್ಟ ಎಂದುಕೊಂಡೆವು. ಅನುಭವಸ್ಥರು ಇದನ್ನು ಓದಿ ಈಗಾಗಲೇ ನಕ್ಕಿರುತ್ತಾರೆ. 90 ದಿನ ಎಂದು ಪರ್ಚೇಸ್ ಆರ್ಡರಿನಲ್ಲಿ ಬರೆದಿದ್ದರೆ ಅದು ಯಾವ ದಿನದಿಂದ ಎಂದು ಕೇಳಬೇಕು. ಎಷ್ಟೋ ಕಂಪನಿಗಳಲ್ಲಿ ಎಣಿಕೆ ಶುರುವಾಗುವುದು ಬಿಲ್ ದಿನದಿಂದಲ್ಲ, ಅವರ ಸ್ಟೋರ್ಸ್‌ನವರು ಮಾಲು ಇಳಿಸಿಕೊಂಡು, ಕ್ವಾಲಿಟಿಯವರು ಅಳತೆ ನೋಡಿ, ಸ್ವೀಕೃತಿ ಬರೆದ ದಿನದಿಂದ. ಅದಕ್ಕೆ ಒಂದು ವಾರ ಹತ್ತು ದಿನ ಸುಲಭವಾಗಿ ಹೋಗುತ್ತದೆ. ಅವಧಿ ಮುಗಿದ ಮೇಲೂ ಹಣ ಬಿಡುಗಡೆಯಾಗುವುದು ಅವರು ಪಾವತಿಗೆಂದು ಇಟ್ಟುಕೊಂಡ ದಿನಗಳಲ್ಲಿ, ತಿಂಗಳಿಗೆ ಒಂದೋ ಎರಡೋ ಸಲ. ಒಂದು ದಿನದಿಂದ ತಪ್ಪಿದರೆ ಇನ್ನೊಂದು ಸರದಿಗೆ ಕಾಯಬೇಕು. ಹೀಗೆ ಯಾರೂ ಮಾತು ತಪ್ಪದೆಯೇ 90 ದಿನ 110 ದಿನ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ತಿಂಗಳ ವ್ಯತ್ಯಾಸದ ಬೆಲೆ 9.8 ಲಕ್ಷ. 60 ದಿನಕ್ಕೇ ಹಣ ಬರುವಂತಿದ್ದರೆ ಆಳ 43.3ರ ಬದಲು 33.5ಕ್ಕೆ ನಿಲ್ಲುತ್ತಿತ್ತು. ದರದಲ್ಲಿ ಎರಡು ರೂಪಾಯಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವವರು ದಿನಗಳ ವಿಷಯ ಬಂದಾಗ ತಲೆಯಾಡಿಸಿ ಎದ್ದು ಬರುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ತಡವಾದಾಗ ಬ್ಯಾಂಕ್ ಕೈಹಿಡಿಯಬೇಕಲ್ಲ? ಇಲ್ಲೊಂದು ತಿರುವು ಇದೆ. ಕ್ಯಾಶ್ ಕ್ರೆಡಿಟ್ ಮಿತಿ 20 ಲಕ್ಷ ಎಂದರೆ ಯಾವಾಗ ಬೇಕಾದರೂ 20 ಲಕ್ಷ ತೆಗೆಯಬಹುದು ಎಂದಲ್ಲ. ಪ್ರತಿ ತಿಂಗಳೂ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಶೆಡ್ಡಿನಲ್ಲಿರುವ ಮಾಲು, ಬರಬೇಕಾದ ಬಾಕಿ, ಅದರಲ್ಲಿ ನಾವು ಕೊಡಬೇಕಾದದ್ದು ಕಳೆದು, ಉಳಿದದ್ದರಲ್ಲಿ ಮಾರ್ಜಿನ್ ಎಂದು ಒಂದು ಪಾಲನ್ನು ಬಿಟ್ಟು, ಈ ತಿಂಗಳು ಎಷ್ಟು ತೆಗೆಯಬಹುದು ಎಂದು ಬ್ಯಾಂಕ್ ಹೇಳುತ್ತದೆ. ಡ್ರಾಯಿಂಗ್ ಪವರ್ ಎನ್ನುವುದು ಇದಕ್ಕೇ. ಮಾರ್ಜಿನ್ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತೈದು ಎಂದಿಟ್ಟುಕೊಳ್ಳೋಣ. ಬಾಕಿಯಲ್ಲಿ 90 ದಿನಕ್ಕಿಂತ ಹಳೆಯ ಬಿಲ್‌ಗಳನ್ನು ಹಲವು ಬ್ಯಾಂಕುಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಏಪ್ರಿಲ್ 30ರ ಬಿಲ್‌ಗೆ ಜುಲೈ 29ಕ್ಕೆ 90 ದಿನ ತುಂಬುತ್ತದೆ. ಅಂದು ಹಣ ಬರದಿದ್ದರೆ ಆ 11.8 ಲಕ್ಷದ ಬಿಲ್ ಪಟ್ಟಿಯಿಂದ ಬಿದ್ದುಹೋಗುತ್ತದೆ, ಅದರ ಆಧಾರದ ಮೇಲೆ ಸಿಗುತ್ತಿದ್ದ 8.85 ಲಕ್ಷದ ಸಾಲದ ಅರ್ಹತೆಯೂ ಜೊತೆಗೇ ಹೋಗುತ್ತದೆ. ಗಿರಾಕಿಯ ಹಣ ಬಾರದ ಅದೇ ವಾರ ಬ್ಯಾಂಕಿನ ಬಾಗಿಲೂ ಕಿರಿದಾಗುತ್ತದೆ. ಬ್ಯಾಂಕಿನವರ ದೃಷ್ಟಿಯಲ್ಲಿ ಇದು ಸರಿಯೇ, ಹಳೆಯ ಬಾಕಿ ಅಪಾಯದ ಬಾಕಿ. ಆದರೆ ಮಾಲೀಕರು ಈ ಮಿತಿಯನ್ನು ಕಷ್ಟಕಾಲದ ಗಂಟು ಎಂದು ನಂಬಿರುತ್ತಾರೆ, ಅದು ಕಷ್ಟಕಾಲದಲ್ಲೇ ಕರಗುವ ಗಂಟು.

ಇದರ ಮೇಲೆ ಆದಾಯ ತೆರಿಗೆ. ಲಾಭದ ಮೇಲಿನ ಮುಂಗಡ ತೆರಿಗೆಯಲ್ಲಿ ಶೇಕಡಾ 15ನ್ನು ಜೂನ್ 15ರೊಳಗೆ, ಒಟ್ಟು ಶೇಕಡಾ 45ನ್ನು ಸೆಪ್ಟೆಂಬರ್ 15ರೊಳಗೆ ಕಟ್ಟಬೇಕು. ಸಾಮಾನ್ಯ ರೀತಿಯಲ್ಲಿ ಪುಸ್ತಕ ಬರೆಯುವವರಿಗೆ ಇಲ್ಲಿ ಎಣಿಕೆಗೆ ಬರುವುದು ಬಿಲ್ ಹಾಕಿದ ಲಾಭ, ಕೈಗೆ ಬಂದ ಲಾಭ ಅಲ್ಲ.

ರಾತ್ರಿ ಪಾಳಿಯ ಬದಲು ಹೊಸ ಮಷಿನನ್ನೇ ತಂದಿದ್ದರೆ ಪುಸ್ತಕಕ್ಕೂ ಗಲ್ಲಾಪೆಟ್ಟಿಗೆಗೂ ಇನ್ನೊಂದು ಅಂತರ ಹುಟ್ಟುತ್ತಿತ್ತು. 30 ಲಕ್ಷದ ಮಷಿನ್‌ಗೆ ಕಾಲು ಭಾಗ ಕೈಯಿಂದ ಹಾಕಿ ಉಳಿದ 22.5 ಲಕ್ಷವನ್ನು ಐದು ವರ್ಷಕ್ಕೆ ಶೇಕಡಾ 11ರ ಬಡ್ಡಿಗೆ ತಂದರೆ ತಿಂಗಳ ಕಂತು ಸುಮಾರು 49 ಸಾವಿರ. ಮೊದಲ ಕಂತಿನಲ್ಲಿ ಬಡ್ಡಿ ಇಪ್ಪತ್ತು ಸಾವಿರದ ಆಸುಪಾಸು, ಉಳಿದದ್ದು ಅಸಲು. ಲಾಭ-ನಷ್ಟದ ಪಟ್ಟಿಗೆ ಹೋಗುವುದು ಬಡ್ಡಿ ಮಾತ್ರ. ಅಸಲು ತೀರಿಸಿದ್ದು ಖರ್ಚಲ್ಲ, ಸಾಲ ಕಡಿಮೆಯಾಗಿದ್ದು. ಅದೇ ರೀತಿ ಕೈಯಿಂದ ಕೊಟ್ಟ ಏಳೂವರೆ ಲಕ್ಷವೂ ಆ ದಿನ ಖರ್ಚಾಗಿ ಕಾಣದೆ, ಸವಕಳಿಯ ರೂಪದಲ್ಲಿ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಸವಕಳಿ ಲಾಭವನ್ನು ತಗ್ಗಿಸುತ್ತದೆ, ಹಣ ತೆಗೆದುಕೊಳ್ಳುವುದಿಲ್ಲ. ಕಂತಿನ ಅಸಲು ಹಣ ತೆಗೆದುಕೊಳ್ಳುತ್ತದೆ, ಲಾಭವನ್ನು ಮುಟ್ಟುವುದಿಲ್ಲ. ಮಷಿನ್ ಹತ್ತು ಹದಿನೈದು ವರ್ಷ ಬಾಳುವಾಗ ಸಾಲ ಐದೇ ವರ್ಷಕ್ಕೆ ತೀರಬೇಕಿರುವುದರಿಂದ ಮೊದಲ ವರ್ಷಗಳಲ್ಲಿ ಎರಡನೆಯದರ ಕೈಯೇ ಮೇಲಾಗುವುದುಂಟು.

ಇದೇನು ಸಣ್ಣವರಿಗಷ್ಟೇ ಬರುವ ಕಾಯಿಲೆಯಲ್ಲ. ಅಮೆರಿಕದಲ್ಲಿ ಡಬ್ಲ್ಯು. ಟಿ. ಗ್ರಾಂಟ್ ಎಂಬ ದೊಡ್ಡ ಅಂಗಡಿ ಸರಣಿ ಇತ್ತು, ಸಾವಿರಕ್ಕೂ ಹೆಚ್ಚು ಮಳಿಗೆಗಳು. ಮಳಿಗೆ ಹೆಚ್ಚಿಸುತ್ತ, ಗಿರಾಕಿಗಳಿಗೆ ಕೈಬಿಚ್ಚಿ ಸಾಲದ ಮೇಲೆ ಮಾರುತ್ತ ಹೋಯಿತು. ವರ್ಷವರ್ಷವೂ ಲಾಭ ತೋರಿಸಿತು, 1974ರವರೆಗೂ ಷೇರುದಾರರಿಗೆ ಡಿವಿಡೆಂಡ್ ಹಂಚಿತು. ಆದರೆ ವ್ಯಾಪಾರದಿಂದ ನಗದು ಹುಟ್ಟುತ್ತಿರಲಿಲ್ಲ, ಕೊರತೆಯನ್ನು ಬ್ಯಾಂಕ್ ಸಾಲ ತುಂಬುತ್ತಿತ್ತು. 1975ರ ಅಕ್ಟೋಬರ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ವ್ಯಾಪಾರದಿಂದ ಬಂದ ನಗದನ್ನು ಪ್ರತ್ಯೇಕವಾಗಿ ತೋರಿಸುವ ಪಟ್ಟಿ ಆಗ ಅಲ್ಲಿ ಕಡ್ಡಾಯವಿರಲಿಲ್ಲ, ಕಡ್ಡಾಯ ಮಾಡುವ ನಿಯಮ ಬಂದದ್ದು 1987ರಲ್ಲಿ. ನಮ್ಮಲ್ಲಿ ಈಗ ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರದ ಜೊತೆ ನಗದು ಹರಿವಿನ ಪಟ್ಟಿ ಇರಲೇಬೇಕು, ಆದರೆ ಸಣ್ಣ ಕಂಪನಿಗಳಿಗೆ ವಿನಾಯಿತಿ ಇದೆ. ಒಬ್ಬರೇ ಮಾಲೀಕರಿರುವ ಘಟಕಗಳಿಗಂತೂ ಅದರ ಗೊಡವೆಯೇ ಇಲ್ಲ. ಹೊರೆ ಕಡಿಮೆ ಮಾಡುವ ಉದ್ದೇಶ ಒಳ್ಳೆಯದೇ. ಹಾಗಿದ್ದರೂ ಆ ಪಟ್ಟಿ ಯಾರಿಗೆ ಜಾಸ್ತಿ ಬೇಕಿತ್ತೋ ಅವರೇ ಅದನ್ನು ನೋಡದಂತಾಗಿದೆ.

ಕಾನೂನು ಏನೂ ಮಾಡಿಲ್ಲ ಎಂದಲ್ಲ. ಸಣ್ಣ ಉದ್ಯಮಗಳಿಗೆಂದೇ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸರ್ಕಾರದ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಮತ್ತು ಸಣ್ಣ ಘಟಕಕ್ಕೆ, ಮಾಲು ಸ್ವೀಕರಿಸಿದ ಮೇಲೆ 45 ದಿನ ಮೀರಿದ ಅವಧಿಗೆ ಒಪ್ಪಂದ ಮಾಡಿಕೊಳ್ಳುವಂತೆಯೇ ಇಲ್ಲ. ನಮ್ಮ ಉದಾಹರಣೆಯ 90 ದಿನದ ಷರತ್ತು ಕಾಗದದಲ್ಲೇ ಕಾನೂನಿಗೆ ವಿರುದ್ಧ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ದೂರು ಕೊಡಲು ಸರ್ಕಾರದ ಪೋರ್ಟಲ್ ಇದೆ. ಆದರೆ ಇರುವ ಒಬ್ಬ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಆರ್ಡರ್ ಕೇಳಲು ಹೋಗುವ ಧೈರ್ಯ ಎಷ್ಟು ಜನಕ್ಕಿದೆ? ಆ ವ್ಯವಹಾರ ಮುಗಿದುಹೋದ ಮೇಲೆ ದೂರು ಕೊಡುವವರೇ ಹೆಚ್ಚು.

2023ರಲ್ಲಿ ಆದಾಯ ತೆರಿಗೆ ಕಾನೂನಿಗೆ ಸೇರಿಸಿದ ನಿಯಮಕ್ಕೆ ಹಲ್ಲು ಸ್ವಲ್ಪ ಹೆಚ್ಚು. ಸಣ್ಣ ಘಟಕಕ್ಕೆ ಕಾಯ್ದೆಯ ಅವಧಿಯೊಳಗೆ ಹಣ ಕೊಡದಿದ್ದರೆ, ಆ ಖರೀದಿಯನ್ನು ಗಿರಾಕಿ ತನ್ನ ಖರ್ಚೆಂದು ತೋರಿಸಬಹುದಾದದ್ದು ನಿಜಕ್ಕೂ ಹಣ ಕೊಟ್ಟ ವರ್ಷದಲ್ಲಿ ಮಾತ್ರ. ದೊಡ್ಡ ಕಂಪನಿಗೆ ಇದು ತಾಗುತ್ತದೆ. ಆದರೆ ಗಮನಿಸಿ, ತಾಗುವುದು ಮಾರ್ಚ್ 31ರಂದು ಬಾಕಿ ಉಳಿದ ಬಿಲ್‌ಗಳಿಗೆ. ಮೇ ತಿಂಗಳ ಬಿಲ್‌ಗೆ ಅಕ್ಟೋಬರ್‌ನಲ್ಲಿ ಹಣ ಕೊಟ್ಟರೆ ವರ್ಷ ಅದೇ, ಗಿರಾಕಿಗೆ ತೆರಿಗೆಯಲ್ಲಿ ನಷ್ಟವೇನಿಲ್ಲ. ಹಾಗಾಗಿ ಮಾರ್ಚ್‌ನಲ್ಲಿ ಹಣ ಚುರುಕಾಗಿ ಬಂದರೆ ಅದನ್ನು ನೋಡಿ ಗಿರಾಕಿ ಬದಲಾದ ಎಂದು ನಂಬಿ ಏಪ್ರಿಲ್‌ನಲ್ಲಿ ಆರ್ಡರ್ ಹೆಚ್ಚಿಸಿಕೊಳ್ಳಬಾರದು. ಇನ್ನೊಂದು ಮಾತು, ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಕೊಂಡು ಮಾರುವ ವ್ಯಾಪಾರಿಗೆ ಇಲ್ಲ.

ಬಿಲ್‌ಗಳನ್ನು ಮೊದಲೇ ಹಣವಾಗಿಸಿಕೊಳ್ಳಲು ಟ್ರೆಡ್ಸ್ ಎಂಬ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿದೆ. ನಾವು ಬಿಲ್ ಏರಿಸಬೇಕು, ಗಿರಾಕಿ ಒಪ್ಪಬೇಕು, ಬ್ಯಾಂಕುಗಳು ಬಡ್ಡಿ ಕೂಗಬೇಕು, ಬಡ್ಡಿ ಮುರಿದುಕೊಂಡು ಉಳಿದ ಹಣ ಒಂದೆರಡು ದಿನದಲ್ಲಿ ಖಾತೆಗೆ ಬೀಳುತ್ತದೆ. ಬಡ್ಡಿ ನಿಗದಿಯಾಗುವುದು ದೊಡ್ಡ ಕಂಪನಿಯ ಹೆಸರಿನ ಮೇಲೆ, ಆದ್ದರಿಂದ ಅಗ್ಗ. ಗಿರಾಕಿ ಕೊನೆಗೆ ಕೊಡದಿದ್ದರೂ ಬ್ಯಾಂಕ್ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಿಕೊಳ್ಳಲೇಬೇಕು ಎಂದು ಸರ್ಕಾರ ಹೇಳಿದೆ. ನೋಂದಾಯಿಸಿಕೊಳ್ಳುವುದು ಬೇರೆ, ಏರಿಸಿದ ಬಿಲ್ಲಿಗೆ ಒಪ್ಪಿಗೆಯ ಗುಂಡಿ ಒತ್ತುವುದು ಬೇರೆ. ಒತ್ತಿದರೆ ಹೇಳಿದ ದಿನಕ್ಕೆ ಹಣ ಕಟ್ಟಲೇಬೇಕಾಗುತ್ತದೆ, ಮುಂದೂಡುವ ಸ್ವಾತಂತ್ರ್ಯ ಹೋಗುತ್ತದೆ. ಹಾಗಾಗಿ ಆರ್ಡರ್ ಮಾತುಕತೆಯಲ್ಲೇ "ನಮ್ಮ ಬಿಲ್ ಟ್ರೆಡ್ಸ್‌ನಲ್ಲಿ ಒಪ್ಪುತ್ತೀರಾ?" ಎಂದು ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು, ಆಮೇಲೆ ಕೇಳಿದರೆ ಉತ್ತರ ಬರುವುದಿಲ್ಲ.

ಪೀಣ್ಯದ ಹಳಬರು ಇವೆಲ್ಲಕ್ಕಿಂತ ಸರಳವಾದ ದಾರಿಯೊಂದನ್ನು ಮೊದಲಿನಿಂದ ಹಿಡಿದಿದ್ದಾರೆ: ಜಾಬ್ ವರ್ಕ್. ಉಕ್ಕನ್ನು ಗಿರಾಕಿಯೇ ಕಳಿಸಲಿ, ನಾವು ಕೂಲಿ ಮಾತ್ರ ತೆಗೆದುಕೊಳ್ಳುತ್ತೇವೆ. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ ತಿಂಗಳ ಬಿಲ್ 10 ಲಕ್ಷದಿಂದ 5 ಲಕ್ಷಕ್ಕೆ ಇಳಿಯುತ್ತದೆ. ಖರ್ಚು 3 ಲಕ್ಷ, ಲಾಭ ಅದೇ 2 ಲಕ್ಷ. ಕೈಯಿಂದ ಹಾಕಬೇಕಾದದ್ದು ನಾಲ್ಕು ತಿಂಗಳ ಕೂಲಿ ವಗೈರೆ 12 ಲಕ್ಷ, ಮೂರು ತಿಂಗಳ ಜಿಎಸ್‌ಟಿ ಶೇಕಡಾ 18ರಂತೆ 2.7 ಲಕ್ಷ, ಒಟ್ಟು 14.7 ಲಕ್ಷ. 43.3 ಎಲ್ಲಿ, 14.7 ಎಲ್ಲಿ! ಅದೇ 90 ದಿನ, ಅದೇ ಗಿರಾಕಿ, ಅದೇ ಲಾಭ, ಮೂರನೇ ಒಂದು ಭಾಗ ಹಣ. ಇದಕ್ಕೂ ತಕರಾರುಗಳಿವೆ. ಉಕ್ಕಿನ ಖರೀದಿಯಲ್ಲಿ ಸಿಗುತ್ತಿದ್ದ ಸಣ್ಣ ಉಳಿತಾಯ ಹೋಗುತ್ತದೆ, ಚೂರಿನ ಲೆಕ್ಕ ಗ್ರಾಂ ಗ್ರಾಂ ಒಪ್ಪಿಸಬೇಕು, ಪೀಸ್ ಹಾಳಾದರೆ ಉಕ್ಕಿನ ಬೆಲೆ ಬಿಲ್‌ನಲ್ಲಿ ಕಡಿತವಾಗುತ್ತದೆ, ಗಿರಾಕಿಯ ಉಕ್ಕು ಬಾರದ ದಿನ ಮಷಿನ್ ಸುಮ್ಮನೆ ನಿಲ್ಲುತ್ತದೆ. ವಹಿವಾಟು ಅರ್ಧಕ್ಕಿಳಿದಂತೆ ಕಾಣುವುದರಿಂದ, ವಹಿವಾಟು ನೋಡಿ ಸಾಲ ಕೊಡುವ ಬ್ಯಾಂಕಿನವರ ಮುಖವೂ ಚಿಕ್ಕದಾಗುತ್ತದೆ. ಆದರೂ 32 ಲಕ್ಷ ಇಟ್ಟುಕೊಂಡು ಹತ್ತು ಲಕ್ಷದ ಆರ್ಡರ್ ಹಿಡಿಯಬೇಕಾದವರಿಗೆ ನಾನು ಹೇಳುವುದು ಇದನ್ನೇ, ಇಲ್ಲವಾದರೆ ಐದು ಲಕ್ಷದಿಂದ ಶುರುಮಾಡಿ ಎಂದು.

ಉಲ್ಟಾ ಹರಿಯುವ ವ್ಯಾಪಾರಗಳೂ ಉಂಟು. ದರ್ಶಿನಿ ಹೋಟೆಲಿನಲ್ಲಿ ಗಿರಾಕಿ ಟೋಕನ್ ತೆಗೆದುಕೊಂಡ ಮೇಲೆಯೇ ಇಡ್ಲಿ. ದಿನಸಿಯವನಿಗೆ ಹಣ ವಾರಕ್ಕೋ ಹದಿನೈದು ದಿನಕ್ಕೋ. ಅಲ್ಲಿ ಬೆಳೆದಷ್ಟೂ ಗಲ್ಲಾ ತುಂಬುತ್ತದೆ, ನಷ್ಟದಲ್ಲಿದ್ದರೂ ತಿಂಗಳುಗಟ್ಟಲೆ ತುಂಬಿಯೇ ಕಾಣುತ್ತದೆ. ಅವರು ನೋಡಬೇಕಾದದ್ದು ಲಾಭ-ನಷ್ಟದ ಪಟ್ಟಿಯನ್ನು. ಮಷಿನ್ ಶಾಪ್‌ನವರು ನೋಡಬೇಕಾದದ್ದು ಇನ್ನೊಂದನ್ನು.

ಅದಕ್ಕೆ ಸಾಫ್ಟ್‌ವೇರ್ ಏನೂ ಬೇಡ. ಒಂದು ಹಾಳೆಯಲ್ಲಿ ಮುಂದಿನ ಹದಿಮೂರು ವಾರಗಳ ಮನೆಗಳನ್ನು ಎಳೆದುಕೊಳ್ಳಿ. ಸಾಮಾನ್ಯ ಉದ್ದರಿ ಅವಧಿ ಮೂರು ತಿಂಗಳಾದ್ದರಿಂದ ಹದಿಮೂರು ವಾರ. ಪ್ರತಿ ವಾರದ ಮನೆಯಲ್ಲಿ ಬರುವ ಹಣವನ್ನು, ಬಿಲ್‌ನ ದಿನಾಂಕ ನೋಡದೆ, ಆ ಗಿರಾಕಿ ಹಿಂದೆ ನಿಜಕ್ಕೂ ಎಷ್ಟು ದಿನಕ್ಕೆ ಕೊಟ್ಟನೋ ಅದನ್ನು ನೋಡಿ ಬರೆಯಿರಿ. ಹೋಗುವುದರಲ್ಲಿ ದಿನಾಂಕ ಜಗ್ಗದವುಗಳನ್ನು ಮೊದಲು ಬರೆಯಬೇಕು: 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ, ಕಂತು, ಸಂಬಳ. ಆಮೇಲೆ ಉಕ್ಕಿನವರು. ಪ್ರತಿ ಸೋಮವಾರ ಒಂದು ವಾರ ಅಳಿಸಿ ಇನ್ನೊಂದನ್ನು ಸೇರಿಸಬೇಕು. ನಮ್ಮ ಮಾಲೀಕರು ಏಪ್ರಿಲ್ ಮೊದಲ ವಾರ ಇಂಥ ಹಾಳೆ ಬರೆದಿದ್ದರೆ ಜೂನ್ ಕೊನೆಯ ಮನೆ ಖಾಲಿಗಿಂತ ಕೆಳಗಿರುವುದು ಆಗಲೇ ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಹೋಗಿ ಹೊಸ ಪರ್ಚೇಸ್ ಆರ್ಡರ್ ತೋರಿಸಿ ಮಿತಿ ಏರಿಸಿ ಎಂದು ಕೇಳುವವನು ಬೆಳೆಯುತ್ತಿರುವ ಉದ್ಯಮಿ. ಜೂನ್ 28ಕ್ಕೆ ಅದನ್ನೇ ಕೇಳುವವನನ್ನು ಮ್ಯಾನೇಜರ್ ಬೇರೆ ಕಣ್ಣಿನಿಂದ ನೋಡುತ್ತಾರೆ.

ಹಾಳೆ ಬರೆಯದವರಿಗೂ ಸುಳಿವು ಸಿಗುತ್ತದೆ. ಮೊದಲು ಉಕ್ಕಿನವನಿಗೆ ಕೊಡುವುದು ಒಂದು ವಾರ ತಡ. ಆಮೇಲೆ ಕ್ಯಾಶ್ ಕ್ರೆಡಿಟ್ ಖಾತೆ ಮಿತಿಯ ತುದಿಯಲ್ಲೇ ನಿಂತು ಕೆಳಗಿಳಿಯುವುದಿಲ್ಲ. ಆಮೇಲೆ, ಎಲ್ಲಕ್ಕಿಂತ ಕೆಟ್ಟದ್ದು, 20ನೇ ತಾರೀಖಿನ ಜಿಎಸ್‌ಟಿಯನ್ನೋ ಕೆಲಸಗಾರರ ಸಂಬಳದಿಂದ ಹಿಡಿದ ಪಿಎಫ್ ಹಣವನ್ನೋ "ಮುಂದಿನ ತಿಂಗಳು ಸೇರಿಸಿ ಕಟ್ಟೋಣ" ಎಂದು ಬಳಸಿಕೊಳ್ಳುವುದು. ಕೇಳದೆಯೇ ಸಿಗುವ ಸಾಲ ಅದೊಂದೇ ಆದ್ದರಿಂದ ಕೈ ಅಲ್ಲಿಗೇ ಹೋಗುತ್ತದೆ. ಜಿಎಸ್‌ಟಿ ರಿಟರ್ನ್ ನಿಂತರೆ ನಮ್ಮ ಬಿಲ್‌ನ ಇನ್‌ಪುಟ್ ಕ್ರೆಡಿಟ್ ಗಿರಾಕಿಗೆ ತೊಡಕಾಗುತ್ತದೆ. ಅದನ್ನೇ ಕಾರಣ ಮಾಡಿ ಗಿರಾಕಿಯ ಅಕೌಂಟ್ಸ್ ವಿಭಾಗ ಏಪ್ರಿಲ್ ಬಿಲ್ಲಿನ ಹಣವನ್ನೂ ತಡೆಹಿಡಿಯುತ್ತದೆ. ಆ ಘಟ್ಟಕ್ಕೆ ಬಂದ ಘಟಕದ ಲಾಭ-ನಷ್ಟದ ಪಟ್ಟಿಯಲ್ಲಿ ಆಗಲೂ ಲಾಭವೇ ಇರುತ್ತದೆ.